20 ನಿಮಿಷದ ಮೌನಕ್ಕೆ ಎಷ್ಟು ಸಾಲು ಹಾಡು ಬೇಕು?

ಪದಗಾರ

ಎಲ್ಲರಿಗೂ ನಮಸ್ಕಾರ. ನಾವು ಎಂಟು ಜನ ವಾರಕ್ಕೊಮ್ಮೆ ಒಟ್ಟಿಗೆ ಕೂತು 20 ನಿಮಿಷ ಮೌನ ಧ್ಯಾನ ಮಾಡುತ್ತೇವೆ. ಯಾರೂ ಮಾತಾಡುವುದಿಲ್ಲ, ಸೂಚನೆ ಕೊಡುವವರೂ ಇಲ್ಲ. ಹಿಂದೆ ತಂಬೂರಿ ಶ್ರುತಿ ಮಾತ್ರ ಇರುತ್ತದೆ. ಅದರ ಮೇಲೆ ಅಲ್ಲೊಂದು ಇಲ್ಲೊಂದು ಸಾಲು ಹಾಡಿದರೆ ಚೆನ್ನಾಗಿರುತ್ತದೆ ಎಂದು ಗುಂಪಿನವರು ಕೇಳಿದರು. ಬರೆಯುವುದು ನನ್ನ ಪಾಲಿಗೆ ಬಂತು, ಹಾಡುವುದು ನಮ್ಮಲ್ಲೇ ಒಬ್ಬರು.

ಎಂಟು ಸಾಲು ಬರೆದೆ. ಮೊದಲ ನಾಲ್ಕು ಹೀಗಿವೆ:

ಕಣ್ಣು ಮುಚ್ಚಿ ಒಳಗೆ ನೋಡು
ಉಸಿರಿನೊಡನೆ ಹಗುರವಾಗು
ಚಿಂತೆಯೆಲ್ಲ ದೂರ ಸರಿಸಿ
ಶಾಂತಿಯೊಂದೆ ತುಂಬಿಕೊಳ್ಳು

ಫೋನಿನಲ್ಲೇ ರೆಕಾರ್ಡ್ ಮಾಡಿ, ನಿಮಿಷಕ್ಕೊಂದು ಸಾಲು ಬರುವ ಹಾಗೆ ಜೋಡಿಸಿ ಕೇಳಿಸಿದೆ. ಹಾಡು ಚೆನ್ನಾಗಿದೆ ಎಂದರು. ಆದರೆ ಆ ದಿನ ಧ್ಯಾನ ಮಾತ್ರ ಕೂಡಲಿಲ್ಲವಂತೆ. "ಮುಂದಿನ ಸಾಲು ಯಾವಾಗ ಬರುತ್ತದೆ ಅಂತ ಕಾಯ್ತಾ ಕೂತೆ" ಎಂದು ನಾಲ್ಕು ಜನ ಬೇರೆ ಬೇರೆಯಾಗಿ ಬಂದು ಹೇಳಿದರು. ಎಲ್ಲಿ ತಪ್ಪಿದೆ ಅಂತ ಗೊತ್ತಾಗುತ್ತಿಲ್ಲ. ಸಾಲು ಜಾಸ್ತಿಯಾಯಿತಾ? ಇನ್ನೂ ನಿಧಾನ ಹಾಡಬೇಕಾ?

ನಿಧಾನಿ

ಇದು ಉಸಿರಿನ ಲೆಕ್ಕ ಪದಗಾರ ಅವರೇ. ಧ್ಯಾನದಲ್ಲಿ ಉಸಿರು ನಿಮಿಷಕ್ಕೆ 6ಕ್ಕೆ ಇಳಿಯುತ್ತದೆ. ಅಂದರೆ ಒಂದು ಉಸಿರಿಗೆ 10 ಸೆಕೆಂಡು. 5 ಸೆಕೆಂಡು ಸಾಲು, 5 ಸೆಕೆಂಡು ಬಿಡುವು, ಹೀಗೆ ಜೋಡಿಸಿ ನೋಡಿ. ಕೇಳುವವರ ಉಸಿರು ತಾನಾಗಿ ಹಾಡಿಗೆ ಹೊಂದಿಕೊಳ್ಳುತ್ತದೆ. ನಿಮಿಷಕ್ಕೊಂದು ಸಾಲು ಅಂದರೆ ತುಂಬಾ ದೂರ, ಅದಕ್ಕೇ ಕಾಯುತ್ತಾರೆ.

ಇರುಳುಹಕ್ಕಿ

ನನಗೂ ಇಂಥದ್ದೇ ಬೇಕಿತ್ತು. ರಾತ್ರಿ ನಿದ್ದೆ ಬರುವುದಿಲ್ಲ, ಏನಾದರೂ ಹಾಡು ಹಾಕಿಕೊಂಡು ಮಲಗುತ್ತೇನೆ. ನನಗಂತೂ ಉದ್ದ ಹಾಡೇ ಒಳ್ಳೆಯದು, ಒಂದೇ ಧಾಟಿ ಮತ್ತೆ ಮತ್ತೆ ಬಂದರೆ ಕಣ್ಣು ಎಳೆಯುತ್ತದೆ. ನಿಮ್ಮ ನಾಲ್ಕು ಸಾಲು ಜೋಗುಳದ ಹಾಗೆ ಚೆನ್ನಾಗಿವೆ. ಯಾಕೆ ಬದಲಾಯಿಸುತ್ತೀರಿ?

ಮಂದ್ರ

ಇರುಳುಹಕ್ಕಿ ಅವರೇ, ನಿಮ್ಮದು ಬೇರೆ ಕೆಲಸ. ನಿದ್ದೆಗೆ ಮನಸ್ಸು ಹಾಡಿನ ಮೇಲೆ ಒರಗಬೇಕು, ಒರಗಿ ಜಾರಬೇಕು. ಅದಕ್ಕೆ ಒಂದೇ ಲಯ, ಒಂದೇ ಧಾಟಿ ಸರಿ. ಇಲ್ಲಿ ಜನ ಎಚ್ಚರವಾಗಿ ಕೂತಿರುತ್ತಾರೆ. ಅವರು ಒರಗಿದರೆ ಹಾಡು ಕೇಳುತ್ತಾ ಕೂತ ಹಾಗಾಯಿತು.

ಪದಗಾರ ಅವರೇ, ನಿಮ್ಮ ಸಾಲನ್ನು ಬೆರಳಲ್ಲಿ ತಟ್ಟಿ ಎಣಿಸಿ ನೋಡಿ. ಕಣ್ಣು, ಮುಚ್ಚಿ, ಒಳಗೆ, ನೋಡು. ಪ್ರತಿಯೊಂದೂ ಮೂರು ಮಾತ್ರೆ. ಎರಡನೇ ಸಾಲೂ ಹಾಗೇ ಮೂರು ಮೂರಾಗಿ ಒಡೆಯುತ್ತದೆ: ಉಸಿರಿ, ನೊಡನೆ, ಹಗುರ, ವಾಗು. ನಾಲ್ಕೂ ಸಾಲು ಹನ್ನೆರಡು ಹನ್ನೆರಡು ಮಾತ್ರೆ, ಎಲ್ಲೂ ತಪ್ಪಿಲ್ಲ. ನಮ್ಮ ಕಿವಿಗೆ ಈ ನಡೆ ಚಿಕ್ಕಂದಿನಿಂದ ಗೊತ್ತು. ಎರಡು ಸಾಲು ಕೇಳಿದರೆ ಸಾಕು, ಮೂರನೆಯದಕ್ಕೆ ಜಾಗ ಮಾಡಿ ಇಡುತ್ತದೆ. ಆ ಜಾಗ ಒಂದು ನಿಮಿಷ ಖಾಲಿ ಇದ್ದರೆ ಅದು ಮೌನ ಅಲ್ಲ, ತಡವಾದ ಸಾಲು. ನಿಮ್ಮವರು ಕಾದಿದ್ದು ಇದಕ್ಕೆ.

ಇನ್ನು ಮೂರನೇ ಸಾಲು ನೋಡಿ. "ಸರಿಸಿ" ಎಂದು ನಿಲ್ಲಿಸಿದ್ದೀರಿ. ಸರಿಸಿ ಏನು ಮಾಡಬೇಕು? ಕನ್ನಡದಲ್ಲಿ ಸರಿಸಿ, ಇಳಿದು, ಬಿಟ್ಟು ಎಂದರೆ ವಾಕ್ಯ ಮುಗಿಯುವುದಿಲ್ಲ. ಮುಂದೆ ಇನ್ನೊಂದು ಕ್ರಿಯಾಪದ ಬಂದೇ ತೀರಬೇಕು. ಆ ಪದ ಬರುವವರೆಗೆ ಕೇಳುವವನ ಒಂದು ಕಾಲು ಮೇಲೆತ್ತಿದ ಹಾಗೇ ಇರುತ್ತದೆ. ಹಾಡಿನಲ್ಲಿ ಮುಂದಿನ ಸಾಲು ತಕ್ಷಣ ಬರುವುದರಿಂದ ತೊಂದರೆ ಇಲ್ಲ. ನೀವು 60 ಸೆಕೆಂಡು ಆ ಕಾಲು ಇಳಿಸಲು ಬಿಡಲಿಲ್ಲ.

ನಿಧಾನಿ ಅವರ ಮಾತಿನಲ್ಲಿ ಅರ್ಧ ಸರಿ ಇದೆ. ಸಾಲು ಹಾಡುವವರ ಒಂದೇ ಉಸಿರಿಗೆ ಹಿಡಿಸಬೇಕು. ನಡುವೆ ಉಸಿರು ಎಳೆದುಕೊಂಡರೆ ಕೇಳುವವರಿಗೂ ಎದೆ ಬಿಗಿಯುತ್ತದೆ. ಆದರೆ ನಿಮಿಷಕ್ಕೆ 6 ಉಸಿರು ಅನ್ನುವುದು ಬೇಕೆಂದೇ ಮಾಡುವ ನಿಧಾನ ಉಸಿರಾಟದ ಅಭ್ಯಾಸ. ಸುಮ್ನೆ ಕೂತವರ ಉಸಿರು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20ರವರೆಗೆ ಇರುತ್ತದೆ, ಧ್ಯಾನದಲ್ಲಿ ಕಡಿಮೆಯಾದರೂ ಒಬ್ಬೊಬ್ಬರದು ಒಂದೊಂದು ಥರ. ಎಂಟು ಜನರಿಗೆ 10 ಸೆಕೆಂಡಿನ ಅಳತೆ ಕೊಟ್ಟರೆ ಏಳು ಜನ ಹಾಡಿನ ಹಿಂದೆ ಓಡುತ್ತಾರೆ.

ನಿಧಾನಿ

ಒಪ್ಪಿದೆ, ನಾನು ಹೇಳಿದ್ದು ಉಸಿರಾಟದ ಅಭ್ಯಾಸದ ಟ್ರ್ಯಾಕಿಗೆ ಸರಿ. ಆದರೆ ಉಸಿರಿಗೆ ಹಾಡು ಹೊಂದುವುದೇ ಇಲ್ಲ ಅನ್ನಬೇಡಿ. ನಾನು ವರ್ಷಗಟ್ಟಲೆ ಹಾಗೇ ಕೂತಿದ್ದೇನೆ, ನನಗೆ ಕೆಲಸ ಮಾಡಿದೆ.

ಬರಿಮೌನ

ಒಂದು ಮಾತು ಕೇಳಲೇ? ಮೌನ ಧ್ಯಾನಕ್ಕೆ ಪದ ಯಾಕೆ? ಶ್ರುತಿ ಇದೆಯಲ್ಲ. ಒಂದು ಪದ ಬಿದ್ದರೆ ಮನಸ್ಸು ಅದನ್ನು ಹಿಡಿದು ಇನ್ನು ಹತ್ತು ಪದ ತರುತ್ತದೆ. ನಾನಾದರೆ ಎಂಟನ್ನು ನಾಲ್ಕು ಮಾಡುವುದಿಲ್ಲ, ಸೊನ್ನೆ ಮಾಡುತ್ತೇನೆ.

ಅರೆಸ್ವರ

ನಾನು ಇಂಥ ಟ್ರ್ಯಾಕುಗಳಿಗೆ ಹಾಡಿದ್ದೇನೆ. ಬರಿಮೌನ ಅವರ ಮಾತಿಗೆ ನನ್ನ ಅನುಭವ ಹೇಳುತ್ತೇನೆ. ಬರೀ ಶ್ರುತಿ ಇದ್ದಾಗ ಹೊಸಬರಿಗೆ ಐದಾರು ನಿಮಿಷದಲ್ಲಿ ಅದು ಕಿವಿಯಿಂದ ಮರೆಯಾಗುತ್ತದೆ, ಜೊತೆಗೆ ಅವರೂ ಎಲ್ಲೋ ಹೋಗಿಬಿಡುತ್ತಾರೆ. ಆಗ ಒಂದು ದನಿ ಬಂದು ಹೋದರೆ, ಅದು ಹೋದ ಮೇಲೆ ಮೌನ ಎದ್ದು ಕೇಳುತ್ತದೆ. ಸಾಲಿಗೆ ಇರುವುದು ಆ ಒಂದೇ ಕೆಲಸ. ಬಹಳ ದಿನದಿಂದ ಕೂರುವವರಿಗೆ ಬೇಡವೇ ಬೇಡ, ಅಲ್ಲಿ ನಿಮ್ಮ ಮಾತು ನಿಜ.

ಪದಗಾರ ಅವರೇ, ಇನ್ನೂ ನಿಧಾನ ಹಾಡಬೇಕಾ ಎಂದು ಕೇಳಿದ್ದಿರಿ. ದಯವಿಟ್ಟು ಅಕ್ಷರ ಅಕ್ಷರ ಎಳೆಯಬೇಡಿ. ಎಲ್ಲರೂ ಮಾಡುವ ತಪ್ಪು ಇದು. ಕನ್ನಡದಲ್ಲಿ ಹ್ರಸ್ವ ಎಳೆದರೆ ಪದವೇ ಬದಲಾಗುತ್ತದೆ. ಧ್ಯಾನದ ಹಾಡು ಅಂದರೆ ಎಲ್ಲರೂ "ಬಿಡು" ಅಂತ ಬರೆಯುತ್ತಾರೆ. ನಿಧಾನವಾಗಿ ಹಾಡಿ ನೋಡಿ, "ಬೀಡು" ಆಗುತ್ತದೆ. ಮರ ಮಾರ ಆಗುತ್ತದೆ. ಕೇಳುವವನು ಒಂದು ಕ್ಷಣ ತಡವರಿಸಿ, ಇದು ಯಾವ ಪದ ಎಂದು ಜೋಡಿಸಿಕೊಳ್ಳಬೇಕಾಗುತ್ತದೆ. ಆ ಜೋಡಿಸುವ ಕೆಲಸವೇ ಯೋಚನೆ.

ನಾನು ಹಾಡುವ ರೀತಿ ಇದು. ಪದವನ್ನು ಮೆಲ್ಲಗೆ ಮಾತಾಡುವ ವೇಗದಲ್ಲೇ ಹೇಳುತ್ತೇನೆ. ಅದರೊಳಗೆ ದೀರ್ಘ ಇದ್ದರೆ ಅಲ್ಲಿ ಸ್ವಲ್ಪ ನಿಲ್ಲುತ್ತೇನೆ, ಕೊನೆಯ ಸ್ವರದ ಮೇಲೆ ಪೂರ್ತಿ ನಿಲ್ಲುತ್ತೇನೆ. ನಮ್ಮ ಪದಗಳು ಬಹುಪಾಲು ಸ್ವರದಲ್ಲೇ ಮುಗಿಯುವುದರಿಂದ ಹಾಡುವವರಿಗೆ ಇದು ದೊಡ್ಡ ಅನುಕೂಲ. ಕೊನೆಯನ್ನು ಎಳೆಯುವಾಗ ದನಿ ಇಳಿಯುತ್ತಾ ಹೋಗಬೇಕು. ಏರಿಸಿದರೆ ಯಾರನ್ನೋ ಕರೆದ ಹಾಗೆ, ಇಲ್ಲವೇ ಪ್ರಶ್ನೆ ಕೇಳಿದ ಹಾಗೆ ಆಗುತ್ತದೆ.

ಒತ್ತಕ್ಷರವನ್ನೂ ನೋಡಿಕೊಳ್ಳಿ. ಮುಚ್ಚಿ, ಬಿಟ್ಟು, ಪಕ್ಕ, ಇವುಗಳಲ್ಲಿ ಒತ್ತಿನ ಜಾಗದಲ್ಲಿ ಗಾಳಿ ಪೂರ್ತಿ ನಿಲ್ಲುತ್ತದೆ. ಮಾತಿನಲ್ಲಿ ಗೊತ್ತಾಗುವುದಿಲ್ಲ, ಶ್ರುತಿಯ ಮೇಲೆ ಹಾಡಿದಾಗ ದಾರ ಕಡಿದ ಹಾಗೆ ಕೇಳುತ್ತದೆ. ಕಣ್ಣು, ಎಲ್ಲ, ಅಮ್ಮ, ಇವೂ ಒತ್ತಕ್ಷರವೇ. ಆದರೆ ಣ್, ಲ್, ಮ್ ಮೇಲೆ ದನಿ ಹರಿಯುತ್ತಲೇ ಇರುತ್ತದೆ. ನಿಮ್ಮ ಮೊದಲ ಸಾಲಿನ "ಕಣ್ಣು" ಹಾಡಲು ಸುಖ, ಪಕ್ಕದ "ಮುಚ್ಚಿ" ಕಷ್ಟ.

ಪದಗಾರ

ಇಷ್ಟು ವಿವರವಾಗಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಎಣಿಸಿ ನೋಡಿದೆ, ಮಂದ್ರ ಅವರು ಹೇಳಿದ ಹಾಗೆ ಎಂಟೂ ಸಾಲು ಮೂರು ಮೂರು ಮಾತ್ರೆ. ಬರೆಯುವಾಗ ಅದು ಚೆಂದ ಅನ್ನಿಸಿತ್ತು.

ಇನ್ನೊಂದು ಕಣ್ಣಿಗೆ ಬಿತ್ತು. ನೋಡು, ಆಗು, ತುಂಬಿಕೊಳ್ಳು. ಎಲ್ಲ ಸಾಲಿನಲ್ಲೂ ಏನಾದರೊಂದು ಮಾಡು ಅಂತ ಹೇಳುತ್ತಿದ್ದೇನೆ. ಅದನ್ನೆಲ್ಲ ತೆಗೆದು ಹೀಗೆ ಮಾಡಿದೆ:

ನೀರ ಮೇಲೆ ತೇಲಿ ಬಂದು
ನಿಂತ ಒಂದು ಒಂಟಿ ಎಲೆ
ಸುತ್ತ ಸದ್ದಿಲ್ಲದ ಸಂಜೆ
ಕೆಳಗೆ ತಿಳಿಯಾದ ನೀರು

ಪ್ರಾಸ ಬಿಟ್ಟಿದ್ದೇನೆ. ಈಗ ಹೇಗಿದೆ?

ಮಂದ್ರ

ಆಜ್ಞೆ ಹೋಗಿದ್ದು ದೊಡ್ಡ ಗೆಲುವು. ಈಗ ಒಂದು ಚಿತ್ರ ಇದೆ, ಅದೂ ಕದಲದ ಚಿತ್ರ.

ಮೊದಲ ಸಾಲು "ಬಂದು" ಎಂದು ನಿಂತಿದೆ, ಮತ್ತೆ ಅದೇ ಎತ್ತಿದ ಕಾಲು. ಮೇಲಾಗಿ "ತೇಲಿ ಬಂದು" ಅಂದಾಗ ಎಲೆ ಚಲಿಸುತ್ತದೆ, ಎಲ್ಲಿಂದ ಬಂತು ಎಂಬ ಕಥೆ ಶುರುವಾಗುತ್ತದೆ. ನಮಗೆ ಅದು ಬಂದ ಕಥೆ ಬೇಡ, ಇರುವುದು ಸಾಕು. "ನಿಂತ ಎಲೆ" ನೋಡಿ, ಎಷ್ಟು ಚೆನ್ನಾಗಿದೆ. ನಿಂತು ಅಂದರೆ ವಾಕ್ಯ ಮುಂದಕ್ಕೆ ವಾಲುತ್ತದೆ, ನಿಂತ ಎಲೆ ಅಂದರೆ ಹೆಸರಿನ ಮೇಲೆ ಕೂತುಬಿಡುತ್ತದೆ. ಕ್ರಿಯಾಪದ ಇಲ್ಲದೆಯೂ ಕನ್ನಡದಲ್ಲಿ ಅದು ಅರೆಬರೆ ಅನ್ನಿಸುವುದಿಲ್ಲ. ಈ ಕೆಲಸಕ್ಕೆ ನಮ್ಮ ಭಾಷೆ ಕೊಡುವ ಅತಿ ಒಳ್ಳೆಯ ಸಾಮಾನು ಇದು ಎಂದು ನನಗೆ ಅನ್ನಿಸುತ್ತದೆ.

ಮೂರನೇ ಸಾಲು ಬಿಟ್ಟುಬಿಡಿ. ಸದ್ದಿಲ್ಲ ಎಂದು ಸದ್ದು ಮಾಡಿ ಹೇಳಬೇಕಾಗಿಲ್ಲ. ಸಂಜೆ ಅಂದರೆ ಬೆಳಿಗ್ಗೆ ಕೂರುವವರಿಗೆ ಹೊಂದುವುದೂ ಇಲ್ಲ. ಮತ್ತೆ ಇಡೀ ಸಾಲಿನಲ್ಲಿ ಸ ಸ ಸ.

ಒಂದು ಪ್ರಯತ್ನ ಮಾಡಿ. ಪ್ರತಿ ಸಾಲೂ ಹಿಂದಿನ ಸಾಲಿಗಿಂತ ಚಿಕ್ಕದಾಗಲಿ, ಹೊಸ ವಸ್ತು ಏನೂ ಬರದಿರಲಿ. ಮೊದಲು ಕೊಟ್ಟಿದ್ದನ್ನೇ ಒಂದೊಂದಾಗಿ ವಾಪಸ್ ತೆಗೆದುಕೊಳ್ಳುತ್ತಾ ಹೋಗಿ.

ಕಿವಿಮಾತು

ರೆಕಾರ್ಡಿಂಗ್ ಕಡೆಯಿಂದ ಸ್ವಲ್ಪ. ಸ, ಶ ಬಗ್ಗೆ ಮಂದ್ರ ಅವರು ಹೇಳಿದ್ದು ಪದ್ಯಕ್ಕೆ ಮಾತ್ರ ಅಲ್ಲ. ಮೈಕಿನ ಹತ್ತಿರ ಮೆಲ್ಲಗೆ ಹಾಡಿದಾಗ ದನಿ ಸಣ್ಣದಾಗುತ್ತದೆ, ಆದರೆ "ಸ್" ಅಷ್ಟೇ ಚೂಪಾಗಿ ಉಳಿಯುತ್ತದೆ. ಹೆಡ್‌ಫೋನಿನಲ್ಲಿ ಚುಚ್ಚುತ್ತದೆ. ಆಮೇಲೆ ಕಡಿಮೆ ಮಾಡಬಹುದು, ಆದರೆ ಪದ ಆರಿಸುವಾಗಲೇ ತಪ್ಪಿಸಿದರೆ ಒಳ್ಳೆಯದು.

ಎರಡನೆಯದು, ಸಾಲುಗಳ ನಡುವಿನ ಜಾಗ. ದನಿಯ ಟ್ರ್ಯಾಕನ್ನು ಸಾಲು ಮುಗಿದ ಕೂಡಲೇ ಕತ್ತರಿಸಬೇಡಿ. ಹಾಡಿದ ಕೋಣೆಗೂ ಒಂದು ಸಣ್ಣ ಸದ್ದು ಇರುತ್ತದೆ. ದನಿಯ ಜೊತೆ ಅದು ಬಂದು, ದನಿಯ ಜೊತೆಗೇ ಪಟ್ಟನೆ ಹೋದರೆ, ಯಾರೋ ಬಾಗಿಲು ಹಾಕಿದ ಹಾಗೆ ಕೇಳುತ್ತದೆ. ಖಾಲಿ ಕೋಣೆಯ ಸದ್ದನ್ನು ಒಂದೆರಡು ನಿಮಿಷ ಬೇರೆಯಾಗಿ ರೆಕಾರ್ಡ್ ಮಾಡಿಕೊಂಡು, 20 ನಿಮಿಷವೂ ಶ್ರುತಿಯ ಕೆಳಗೆ ಹಾಸಿಬಿಡಿ.

ಮೂರನೆಯದು, ಮಿಕ್ಸ್ ಮಾಡುವಾಗ ದನಿ ಎಷ್ಟಿರಬೇಕು ಎಂದು ಜೋರಾಗಿ ಹಾಕಿಕೊಂಡು ನಿರ್ಧರಿಸಬೇಡಿ. ವಾಲ್ಯೂಮ್ ಇಳಿಸಿದಾಗ ನಮ್ಮ ಕಿವಿಗೆ ಕೆಳಗಿನ ಸ್ವರಗಳು ಮೊದಲು ಕಡಿಮೆಯಾಗುತ್ತವೆ. ತಂಬೂರಿಯ ತುಂಬು ಅರ್ಧ ಹೋಗುತ್ತದೆ, ದನಿ ಒಂಟಿಯಾಗಿ ಮುಂದೆ ನಿಲ್ಲುತ್ತದೆ. ಧ್ಯಾನಕ್ಕೆ ಕೂರುವ ವಾಲ್ಯೂಮಿನಲ್ಲೇ ಕೇಳಿ ಇಳಿಸಿ. ಪದ ತಿಳಿಯಬೇಕು, ಆದರೆ ಕಿವಿ ಕೊಡಬೇಕು ಎಂದು ಅನ್ನಿಸಬಾರದು.

ಪದಗಾರ

ಎರಡು ವಾರ ಬಿಟ್ಟು ಬಂದಿದ್ದೇನೆ. ಈಗ ಇಷ್ಟೇ ಉಳಿದಿದೆ:

ನೀರ ಮೇಲೊಂದು ಎಲೆ
ನಿಂತ ಎಲೆ
ನೀರು

ಅರೆಸ್ವರ ಅವರು ಹೇಳಿದ ಹಾಗೆ ಹಾಡಿಸಿದೆ. ಎಲೆ ಎಂಬ ಪದಕ್ಕೆ ಒಂದು ಅನುಕೂಲ ಸಿಕ್ಕಿತು. ನಾವು ಅದನ್ನು ಹೇಳುವಾಗ ಮೊದಲಲ್ಲಿ ಒಂದು ಸಣ್ಣ "ಯ" ಬಂದುಬಿಡುತ್ತದೆ, ಯೆಲೆ ಅನ್ನುವ ಹಾಗೆ. ಅದರಿಂದ ಗಂಟಲು ತಟ್ಟದೆ ದನಿ ಜಾರಿಕೊಂಡು ಒಳಗೆ ಬರುತ್ತದೆ. ನೀರು ಎಂಬುದರ ಕೊನೆಯ ಉಕಾರದಲ್ಲಿ ತುಟಿ ತಾನಾಗಿ ಮುಚ್ಚುತ್ತಾ ಬರುವುದರಿಂದ ದನಿ ಎಲ್ಲಿ ಮುಗಿಯಿತು ಅಂತ ಗೊತ್ತಾಗುವುದಿಲ್ಲ.

ಜೋಡಿಸಿದ್ದು ಹೀಗೆ. ಮೊದಲ 2 ನಿಮಿಷ ಶ್ರುತಿ ಮಾತ್ರ. ಆಮೇಲೆ ಮೊದಲ ಸಾಲು. ಸುಮಾರು 70 ಸೆಕೆಂಡು ಬಿಟ್ಟು ಅದೇ ಸಾಲು ಇನ್ನೊಮ್ಮೆ. 6ನೇ ನಿಮಿಷಕ್ಕೆ "ನಿಂತ ಎಲೆ". 11ನೇ ನಿಮಿಷಕ್ಕೆ "ನೀರು". ಕೊನೆಯ 9 ನಿಮಿಷ ಪದವೇ ಇಲ್ಲ. ಎಲ್ಲ ಸೇರಿ ಹಾಡು ಇರುವುದು ಅರ್ಧ ನಿಮಿಷಕ್ಕಿಂತ ಕಡಿಮೆ. ಬಿಡುವು ಪ್ರತಿ ಸಲ ದೊಡ್ಡದಾಗುತ್ತಾ ಹೋಗುವುದರಿಂದ, ಮುಂದಿನದು ಯಾವಾಗ ಎಂದು ಅಳೆಯಲು ಮನಸ್ಸಿಗೆ ಅಳತೆಗೋಲು ಸಿಗುವುದಿಲ್ಲ.

ಕೂತವರಿಗೆ ಸಾಲು ಎಷ್ಟಿವೆ ಎಂದು ಮೊದಲೇ ಹೇಳಲಿಲ್ಲ. ಮುಗಿದ ಮೇಲೆ ಕೇಳಿದೆ. ಮೊದಲ ಸಲ ಕಾಯುತ್ತಿದ್ದೆವು ಎಂದಿದ್ದ ನಾಲ್ವರಲ್ಲಿ ಮೂವರಿಗೆ ಈ ಸಲ ಕಾಯುವುದು ನಿಂತಿದೆ. ಕೊನೆಯ ಪದ ಬಂದಿದ್ದು ಇಬ್ಬರಿಗೆ ನೆನಪೇ ಇಲ್ಲ. ನಾಲ್ಕನೆಯವರು ಮಾತ್ರ, "ಅದೇ ಸಾಲು ಎರಡು ಸಲ ಬಂತಲ್ಲ, ಮೂರನೇ ಸಲಕ್ಕೆ ಕಾದೆ" ಎಂದರು.

ಮಂದ್ರ

ಹಾಗಿದ್ದರೆ ಎರಡನೇ ಸಲ ಹಾಡುವುದನ್ನು ತೆಗೆಯಿರಿ. ಒಮ್ಮೆ ಬಂದಿದ್ದು ಮತ್ತೆ ಬಂದರೆ ಕಿವಿ ಅದನ್ನು ಪಲ್ಲವಿ ಎಂದು ತಿಳಿಯುತ್ತದೆ. ಪಲ್ಲವಿ ಅಂದರೆ ಮತ್ತೆ ಬರುವಂಥದ್ದು.

ಅರೆಸ್ವರ

ನಾನು ಇಲ್ಲಿ ಒಪ್ಪುವುದಿಲ್ಲ ಮಂದ್ರ ಅವರೇ. ಮೊದಲ ಸಲ ದನಿ ಬಂದಾಗ ಕೂತವರು ಯಾರು ಹಾಡಿದ್ದು, ಏನು ಹಾಡಿದ್ದು ಎಂದು ಬೆಚ್ಚುತ್ತಾರೆ. ಪದ ಒಳಗೆ ಹೋಗುವುದು ಎರಡನೇ ಸಲವೇ. ಅದನ್ನು ತೆಗೆದರೆ "ನಿಂತ ಎಲೆ" ಎಲ್ಲಿಂದ ಬಂತು ಎಂದು ತಿಳಿಯುವುದಿಲ್ಲ. ಬೇಕಾದರೆ ಎರಡನೇ ಸಲ ಒಂದು ಸ್ವರ ಕೆಳಗೆ ಮುಗಿಸಿ. ಮುಗಿಯಿತು ಎಂದು ಕಿವಿಗೆ ಗೊತ್ತಾಗುತ್ತದೆ.

ಕಿವಿಮಾತು

ಬೆಚ್ಚುವುದಕ್ಕೆ ಬೇರೆ ದಾರಿ ಇದೆ. ಹಾಡುವವರು ಸಾಲಿಗೆ ಮುಂಚೆ ಉಸಿರು ತೆಗೆದುಕೊಂಡ ಸದ್ದನ್ನು ಅಳಿಸಬೇಡಿ. ಅರ್ಧ ಸೆಕೆಂಡು ಮೊದಲೇ ಒಬ್ಬ ಮನುಷ್ಯ ಇದ್ದಾನೆ ಅಂತ ಗೊತ್ತಾದರೆ ದನಿ ಬಂದಾಗ ಯಾರೂ ಬೆಚ್ಚುವುದಿಲ್ಲ. ಎಲ್ಲರೂ ಸ್ವಚ್ಛ ಮಾಡುವ ಭರದಲ್ಲಿ ಮೊದಲು ಅಳಿಸುವುದೇ ಅದನ್ನು.

ಇರುಳುಹಕ್ಕಿ

ನಾನು ಪದಗಾರ ಅವರ ಮೂರು ಸಾಲು ಓದಿ ಸುಮ್ಮನೆ ಕಣ್ಣು ಮುಚ್ಚಿ ಹೇಳಿಕೊಂಡೆ. ನನಗೆ ಎಲೆ ಕಾಣಲೇ ಇಲ್ಲ. ನನಗೆ ಯಾವ ಚಿತ್ರವೂ ಮನಸ್ಸಿನಲ್ಲಿ ಕಾಣುವುದಿಲ್ಲ, ಮೊದಲಿಂದಲೂ ಹಾಗೇ. ಕಾಣಬೇಕೇನೋ ಎಂದು ಪ್ರಯತ್ನ ಪಟ್ಟೆ. ಹಾಗೆ ಪ್ರಯತ್ನ ಪಡುವುದೂ ಒಂದು ಕೆಲಸವೇ ಅಲ್ವಾ?

ಬರಿಮೌನ

ನನಗೆ ಅದರ ತಿರುಗುಮುರುಗು. ಎಲೆ ಅಂದ ಕೂಡಲೇ ಅದು ಯಾವ ಮರದ್ದು, ಹಣ್ಣಾಗಿತ್ತಾ, ಹಸಿರಾ ಎಂದು ಹೋದೆ. ಪದಗಾರ ಅವರೇ, ಹಿಂದಿನದಕ್ಕಿಂತ ತುಂಬಾ ಚೆನ್ನಾಗಿದೆ, ಮನಸಾರೆ ಹೇಳುತ್ತೇನೆ. ಆದರೂ ನೀವು ಉಳಿಸಿಕೊಂಡ ಪದಗಳಲ್ಲಿ ನಿಜವಾಗಿ ಬೇಕಾಗಿದ್ದು ಕೊನೆಯದೊಂದೇ ಎಂದು ನನ್ನ ಅನಿಸಿಕೆ. 6ನೇ ನಿಮಿಷಕ್ಕೆ ಒಮ್ಮೆ "ನೀರು". ಅಷ್ಟೇ.

ಮಂದ್ರ

ಇರುಳುಹಕ್ಕಿ ಅವರ ಪ್ರಶ್ನೆ ನಾನು ಯೋಚಿಸಿರಲಿಲ್ಲ. ಚಿತ್ರ ಕಾಣದವರಿಗೆ ಮೈಗೆ ತಾಗುವ ಪದ ಇಡಬಹುದು: ನೆಲ, ಭಾರ, ತಂಪು. ಆದರೆ "ಭಾರ" ಅಂದರೆ ಕೆಲವರಿಗೆ ಮೈ ಕಡೆ ಗಮನ ಹೋಗಿ ನೋವು ನೆನಪಾಗುತ್ತದೆ. ಎಲ್ಲರಿಗೂ ಹೊಂದುವ ಒಂದು ಪದ ನನ್ನ ಹತ್ತಿರ ಇಲ್ಲ.

ಪದಗಾರ

ನಮ್ಮ ಗುಂಪಿನಲ್ಲಿ ಯಾರಿಗೆ ಚಿತ್ರ ಕಾಣುತ್ತದೆ, ಯಾರಿಗೆ ಇಲ್ಲ ಎಂದು ನಾನು ಕೇಳಿಯೇ ಇಲ್ಲ. ಈ ವಾರ ಕೇಳುತ್ತೇನೆ.

ಎರಡು ಟ್ರ್ಯಾಕ್ ಮಾಡಿ ಇಟ್ಟಿದ್ದೇನೆ. ಒಂದರಲ್ಲಿ ಮೂರು ಸಾಲು, ಮೊದಲನೆಯದು ಎರಡು ಸಲ, ಎರಡನೇ ಸಲ ಒಂದು ಸ್ವರ ಕೆಳಗೆ. ಉಸಿರಿನ ಸದ್ದು ಉಳಿಸಿದ್ದೇನೆ. ಇನ್ನೊಂದರಲ್ಲಿ ಬರಿಮೌನ ಅವರು ಹೇಳಿದ ಹಾಗೆ ಒಂದೇ ಪದ. ಯಾವುದು ಯಾವುದೆಂದು ಹೇಳದೆ ಒಂದು ವಾರ ಒಂದು, ಮುಂದಿನ ವಾರ ಇನ್ನೊಂದು ಹಾಕುತ್ತೇನೆ. ಒಂದು ಅನುಮಾನ ಮಾತ್ರ ಉಳಿದಿದೆ. ಒಂದೇ ಪದ ಇರುವ ಟ್ರ್ಯಾಕಿನಲ್ಲಿ "ನೀರು" ಅಂದಾಗ ಯಾರಿಗಾದರೂ ಬಾಯಾರಿಕೆ ನೆನಪಾಗಬಹುದಾ? ಎಲೆ ಮೊದಲು ಬಂದಾಗ ಹಾಗಾಗಲಿಲ್ಲ, ಅಲ್ಲಿ ನೀರು ಎಂದರೆ ಎಲೆಯ ಕೆಳಗಿನ ನೀರು. ಅರೆಸ್ವರ ಅವರೇ, ನೀವು ಹೀಗೆ ಬರೀ ಒಂದು ಪದ ಹಾಡಿದ್ದು ಇದೆಯಾ?

ಅರೆಸ್ವರ

ಒಂದು ಸಲ ಹಾಡಿದ್ದೇನೆ, "ಬಯಲು" ಎಂದು. ಅದರಲ್ಲಿ ಯ, ಲ ಎರಡೂ ಮೆತ್ತಗೆ ಹರಿಯುತ್ತವೆ, ಬ ಮಾತ್ರ ಮೈಕಿಗೆ ಬಡಿಯುತ್ತಿತ್ತು, ಮೈಕನ್ನು ಸ್ವಲ್ಪ ಓರೆ ಇಟ್ಟು ಹಾಡಬೇಕಾಯಿತು. ನೀರು ಹಾಡಿಲ್ಲ. ನಾಳೆ ನಿಮ್ಮ ಶ್ರುತಿಗೇ ಹಾಡಿ ಕಳಿಸುತ್ತೇನೆ, ಹಾರ್ಮೋನಿಯಂನ ಯಾವ ಮನೆಗೆ ಶ್ರುತಿ ಇಟ್ಟಿದ್ದೀರಿ ಹೇಳಿ.

ಪದಗಾರ

ಎರಡೂವರೆ ಮನೆ. ನಮ್ಮಲ್ಲಿ ಹಾಡುವವರಿಗೆ ಅದು ಸ್ವಲ್ಪ ಎತ್ತರವೇ, ನಿಮಗೆ ಬೇಕಾದರೆ ಇಳಿಸಿಕೊಳ್ಳಿ, ನಾನು ಶ್ರುತಿ ಬದಲಾಯಿಸುತ್ತೇನೆ.